ಮಂಡಲದ ಹೊಸ್ತಿಲು: ತಂತ್ರಸಂಪ್ರದಾಯಗಳೂ ದೀಕ್ಷಾವಿಧಿಯೂ



ತಂತ್ರವೆಂಬ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಜನರ ಕಣ್ಣ ಮುಂದೆ ನಿಲ್ಲುವುದು ಮೂರು ದಾರಿ ಕೂಡುವಲ್ಲಿ ಬಿದ್ದಿರುವ ಕುಂಕುಮ ಸವರಿದ ನಿಂಬೆಹಣ್ಣು. ಓದಿದವರ ಕಣ್ಣ ಮುಂದೆ ನಿಲ್ಲುವುದು ಶ್ಮಶಾನ, ಕಪಾಲ, ಪಂಚಮಕಾರಗಳು. ಇವು ಆ ಸಂಪ್ರದಾಯದಲ್ಲಿ ಇರಲಿಲ್ಲವೆಂದು ನಾನು ವಾದಿಸಬಂದವನಲ್ಲ. ಇದ್ದುವು, ಮತ್ತು ಅವುಗಳನ್ನು ಕುರಿತು ಬೇಕಾದಷ್ಟು ಬರೆಯಲಾಗಿದೆ. ಆದರೆ ಸುಮಾರು ಐದನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಭಾರತದ ಮತಜೀವನವನ್ನು ಒಳಗಿನಿಂದಲೇ ಬದಲಿಸಿದ ತಂತ್ರದ ಶಕ್ತಿ ಇದ್ದದ್ದು ಆ ಬೆರಗಿನ ಸಂಗತಿಗಳಲ್ಲಿ ಅಲ್ಲ, ದೀಕ್ಷೆಯೆಂಬ ಒಂದು ವಿಧಿಯಲ್ಲಿ. ಆ ವಿಧಿಯು ಅರಸನ ಸಭೆಯನ್ನೂ ಬೌದ್ಧವಿಹಾರವನ್ನೂ ದೇವಾಲಯದ ಗರ್ಭಗೃಹವನ್ನೂ ಕಡೆಗೆ ಗೃಹಸ್ಥನ ದೇವರಮನೆಯನ್ನೂ ಹೇಗೆ ಹೊಕ್ಕಿತು, ಹೊಕ್ಕಲ್ಲೆಲ್ಲ ಅರ್ಹರು ಯಾರೆಂಬ ಪ್ರಶ್ನೆಗೆ ಹೇಗೆ ಬೇರೆ ಬೇರೆ ಉತ್ತರವನ್ನು ಪಡೆಯಿತು ಎಂಬುದಷ್ಟೇ ಇಂದಿನ ನನ್ನ ವಿಷಯ. ಉದಾಹರಣೆಗಳನ್ನು ಸಾಧ್ಯವಾದಷ್ಟೂ ಕನ್ನಡ ನಾಡಿನಿಂದಲೇ ಆರಿಸಿಕೊಂಡಿದ್ದೇನೆ.

ತಂತ್ರಕ್ಕೆ ಮೊದಲು ದೀಕ್ಷೆ ಇರಲಿಲ್ಲವೆಂದಲ್ಲ. ವೈದಿಕರಲ್ಲಿ ಉಪನಯನವಿತ್ತು, ಸೋಮಯಾಗಕ್ಕೆ ಕುಳಿತ ಯಜಮಾನನ ದೀಕ್ಷೆಯಿತ್ತು; ಇವೆರಡೂ ಹುಟ್ಟನ್ನು ನೋಡಿ ಕೊಡುವಂಥವು. ಬೌದ್ಧರಲ್ಲಿ ಪ್ರವ್ರಜ್ಯೆಯಿತ್ತು, ಅದು ಹುಟ್ಟನ್ನು ನೋಡುತ್ತಿರಲಿಲ್ಲ, ಆದರೆ ಮನೆಯನ್ನು ಬಿಡಿಸುತ್ತಿತ್ತು. ಶೈವರಲ್ಲಿಯೂ ಹಳೆಯ ಪಾಶುಪತವ್ರತವು ಮೈಗೆ ಭಸ್ಮವನ್ನು ಬಳಿದುಕೊಂಡು ಲೋಕವನ್ನು ತೊರೆದು ನಡೆಯುವ ಬ್ರಾಹ್ಮಣ ಸಂನ್ಯಾಸಿಗೆ ಮಾತ್ರ ಮೀಸಲಾಗಿತ್ತು. ಹೀಗಿರುವಾಗ ಮನೆಯಲ್ಲಿದ್ದುಕೊಂಡೇ, ಬೇಸಾಯವನ್ನೋ ವ್ಯಾಪಾರವನ್ನೋ ರಾಜ್ಯಭಾರವನ್ನೋ ಮಾಡಿಕೊಂಡೇ ಮುಕ್ತಿಯನ್ನು ಬಯಸುವವನಿಗೆ ಯಾವ ದಾರಿ? ಈ ತೆರಪಿನಲ್ಲಿಯೇ ಶೈವಾಗಮಗಳು ಬೇರೂರಿದವು. ಅವುಗಳಲ್ಲಿ ಬಹು ಹಳೆಯದೆಂದು ವಿದ್ವಾಂಸರು ಎಣಿಸುವ ನಿಶ್ವಾಸತತ್ತ್ವಸಂಹಿತೆಯು ನೇಪಾಳದ ತಾಳೆಯ ಗರಿಗಳಲ್ಲಿ ಉಳಿದು ಬಂದಿದೆ. ಮಂತ್ರವನ್ನು ಬಲ್ಲ ಗುರುವು ಗೃಹಸ್ಥನಿಗೂ ದೀಕ್ಷೆಯನ್ನು ಕೊಡಬಹುದು, ಆ ದೀಕ್ಷೆಯೇ ಮೋಕ್ಷಕ್ಕೆ ಕಾರಣವಾಗಬಲ್ಲದು ಎಂಬ ಮಾತು ಈ ಮಾರ್ಗದ ತಿರುಳು.

ಈ ಮಾತಿಗೆ ಮೊದಲು ಕಿವಿಗೊಟ್ಟ ಅರಸರಲ್ಲಿ ಒಬ್ಬನು ನಮ್ಮವನೇ. ಪಲ್ಲವ ನರಸಿಂಹವರ್ಮನು 642ರ ಸುಮಾರಿಗೆ ಬಾದಾಮಿಯನ್ನು ಹಿಡಿದು, ಇಮ್ಮಡಿ ಪುಲಕೇಶಿಯ ಆಳ್ವಿಕೆ ಅಳಿದುಹೋಗಿ, ಹನ್ನೆರಡು ಹದಿಮೂರು ವರ್ಷ ಚಾಲುಕ್ಯರ ರಾಜ್ಯವು ದಿಕ್ಕೆಟ್ಟಂತಿದ್ದಾಗ, ಪುಲಕೇಶಿಯ ಮಗನಾದ ಒಂದನೆಯ ವಿಕ್ರಮಾದಿತ್ಯನು ವೈರಿಗಳನ್ನು ಹೊರದೂಡಿ 655ರಲ್ಲಿ ಪಟ್ಟವನ್ನೇರಿದನು. ತೆಲುಗು ನಾಡಿನ ಆಮುದಾಲಪಾಡಿನಲ್ಲಿ ದೊರೆತ ಅವನ ತಾಮ್ರಶಾಸನವೊಂದು 660ನೆಯ ಇಸವಿಗೆ ಸೇರಿದುದು. ಸುದರ್ಶನಾಚಾರ್ಯನೆಂಬ ಗುರುವಿನಿಂದ ತಾನು ಶಿವಮಂಡಲದೀಕ್ಷೆಯನ್ನು ಪಡೆದುದಾಗಿಯೂ, ಅದಕ್ಕೆ ಗುರುದಕ್ಷಿಣೆಯಾಗಿ ಒಂದು ಗ್ರಾಮವನ್ನು ಕೊಟ್ಟುದಾಗಿಯೂ ಅರಸನು ಅದರಲ್ಲಿ ಬರೆಯಿಸಿದ್ದಾನೆ. ಒಬ್ಬ ಚಕ್ರವರ್ತಿಯು ತಾಂತ್ರಿಕ ಶೈವದೀಕ್ಷೆಯನ್ನು ಪಡೆದನೆಂದು ಕಾಲವನ್ನು ಹೇಳಿ ಸಾರುವ ಶಾಸನಗಳಲ್ಲಿ ಇದು ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತದೆ. ಇದಾದ ಎರಡು ಮೂರು ದಶಕಗಳೊಳಗೆ ಕಳಿಂಗದ ಪೂರ್ವ ಗಂಗರಲ್ಲಿಯೂ ಕಂಚಿಯ ಪಲ್ಲವರಲ್ಲಿಯೂ ಇಂಥ ದೀಕ್ಷೆಯ ಸುದ್ದಿ ಕೇಳಿಬರುತ್ತದೆ. ಪರಸ್ಪರ ಕತ್ತಿ ಮಸೆಯುತ್ತಿದ್ದ ಬಾದಾಮಿ ಮತ್ತು ಕಂಚಿಯ ಅರಮನೆಗಳೆರಡೂ ಒಂದೇ ಬಗೆಯ ಗುರುಗಳ ಮುಂದೆ ತಲೆಬಾಗಿದುವೆಂಬುದು ಗಮನಿಸತಕ್ಕ ಸಂಗತಿ.

ಆ ಮಂಡಲದೀಕ್ಷೆಯಲ್ಲಿ ನಡೆಯುತ್ತಿದ್ದುದೇನು? ಇದನ್ನು ತಿಳಿಯಲು ನಮಗೆ ದಾರಿದೀಪವಾಗಿರುವುದು ಪದ್ಧತಿಗಳೆಂಬ ಕೈಪಿಡಿಗಳು. ಅವುಗಳಲ್ಲಿ ಪ್ರಸಿದ್ಧವಾದುದು ಹನ್ನೊಂದನೆಯ ಶತಮಾನದ ಗೋಳಕೀ ಮಠದ ಆಚಾರ್ಯನಾದ ಸೋಮಶಂಭುವಿನದು. ವಿಕ್ರಮಾದಿತ್ಯನ ಕಾಲಕ್ಕೂ ಇದಕ್ಕೂ ನಾನೂರು ವರ್ಷಗಳ ಅಂತರವಿದೆಯಾದ್ದರಿಂದ ಎಲ್ಲ ವಿವರಗಳನ್ನೂ ಹಿಂದಕ್ಕೆ ಒಯ್ಯುವುದು ತಪ್ಪಾದೀತು. ಆದರೆ ವಿಧಿಯ ಅಸ್ಥಿಪಂಜರವು ಹಳೆಯ ಆಗಮಗಳಲ್ಲಿಯೂ ಇದೇ ಆಗಿದೆ.

ಕ್ರಿಯೆಯು ಹಿಂದಿನ ದಿನವೇ ತೊಡಗುತ್ತದೆ. ಶಿಷ್ಯನು ಪಂಚಗವ್ಯವನ್ನೂ ಚರುವನ್ನೂ ಸ್ವೀಕರಿಸಿ, ಗುರುವು ಕೊಟ್ಟ ಹಲ್ಲುಜ್ಜುವ ಕಡ್ಡಿಯನ್ನು ಅಗಿದು ಎಸೆಯಬೇಕು. ಅದು ಯಾವ ದಿಕ್ಕಿಗೆ ಬಿದ್ದಿತೆಂಬುದರಿಂದ ಶುಭಾಶುಭವನ್ನು ನೋಡುತ್ತಾರೆ. ಆ ರಾತ್ರಿ ಅವನು ಯಾಗಮಂಟಪದಲ್ಲಿಯೇ ಮಲಗಿ, ಮರುದಿನ ಬೆಳಗ್ಗೆ ಕಂಡ ಕನಸನ್ನು ಗುರುವಿಗೆ ಒಪ್ಪಿಸುತ್ತಾನೆ. ಕನಸು ಕೆಟ್ಟದಾಗಿದ್ದರೆ ಶಾಂತಿಹೋಮವಾಗದೆ ಮುಂದಿನ ಹೆಜ್ಜೆಯಿಲ್ಲ. ಇತ್ತ ಗುರುವು ಬಣ್ಣದ ಪುಡಿಗಳಿಂದ ನೆಲದ ಮೇಲೆ ಮಂಡಲವನ್ನು ಬರೆದು, ನಡುವಣ ಕಮಲದಲ್ಲಿ ಶಿವನನ್ನೂ ಸುತ್ತಣ ದಳಗಳಲ್ಲಿ ಪರಿವಾರದ ದೇವತೆಗಳನ್ನೂ ಆವಾಹಿಸಿ ಪೂಜಿಸಿರುತ್ತಾನೆ. ಬಳಿಕ ಶಿಷ್ಯನ ಕಣ್ಣಿಗೆ ಮಂತ್ರಿಸಿದ ಬಟ್ಟೆಯನ್ನು ಕಟ್ಟಿ, ಬೊಗಸೆಗೆ ಹೂವನ್ನಿತ್ತು, ಮಂಡಲದ ಬಾಗಿಲಿಗೆ ಕರೆತಂದು ಹೂವನ್ನು ಎಸೆಯಿಸುತ್ತಾನೆ. ಹೂವು ಮಂಡಲದಲ್ಲಿ ಎಲ್ಲಿ ಬಿದ್ದಿತೋ ಅದನ್ನು ಅನುಸರಿಸಿ ಶಿಷ್ಯನಿಗೆ ಹೊಸ ಹೆಸರನ್ನು ಇಡುತ್ತಾರೆ. ಕಣ್ಣ ಕಟ್ಟನ್ನು ಬಿಚ್ಚಿದಾಗ ಅವನು ಮೊದಲು ಕಾಣುವುದು ಆ ದೇವಮಂಡಲವನ್ನೇ. ಆಮೇಲೆ ಗುರುವು ತನ್ನ ಬಲಗೈಯಲ್ಲಿ ಮಂತ್ರಗಳನ್ನು ನ್ಯಾಸಮಾಡಿ, ಶಿವಹಸ್ತವೆನಿಸಿದ ಆ ಕೈಯನ್ನು ಶಿಷ್ಯನ ತಲೆಯ ಮೇಲೆ ಇಡುತ್ತಾನೆ.

ಇಲ್ಲಿಯವರೆಗಿನದು ಸಮಯದೀಕ್ಷೆ, ಅಂದರೆ ಪೂಜೆಯ ಸಮುದಾಯದೊಳಗೆ ಪ್ರವೇಶ. ಮೋಕ್ಷವನ್ನು ಕೊಡತಕ್ಕದ್ದು ಇದರ ಮುಂದಿನ ನಿರ್ವಾಣದೀಕ್ಷೆ. ಅದರಲ್ಲಿ ಪಾಶಸೂತ್ರವೆಂಬ ದಾರವೊಂದನ್ನು ಶಿಷ್ಯನ ಜುಟ್ಟಿಗೆ ಕಟ್ಟಿ ಕಾಲ ಹೆಬ್ಬೆರಳವರೆಗೆ ಇಳಿಬಿಡುತ್ತಾರೆ. ಜಗತ್ತಿನ ಎಲ್ಲ ಭುವನಗಳೂ ಮೂವತ್ತಾರು ತತ್ತ್ವಗಳೂ ನಿವೃತ್ತಿ ಮೊದಲಾದ ಐದು ಕಲೆಗಳಲ್ಲಿ ಅಡಗಿವೆಯೆಂದೂ, ಆ ಐದು ಕಲೆಗಳು ಶಿಷ್ಯನ ಪಾದದಿಂದ ನೆತ್ತಿಯವರೆಗೆ ಒಂದರ ಮೇಲೊಂದು ನೆಲೆಗೊಂಡಿವೆಯೆಂದೂ ಭಾವಿಸಿ, ಗುರುವು ಅವುಗಳನ್ನು ಆ ದಾರದ ಐದು ಎಡೆಗಳಿಗೆ ಮಂತ್ರದಿಂದ ವರ್ಗಾಯಿಸುತ್ತಾನೆ. ಆ ಮೇಲೆ ಕೆಳಗಿನ ಕಲೆಯಿಂದ ತೊಡಗಿ, ಆ ಆ ಲೋಕಗಳಲ್ಲಿ ಈ ಜೀವನು ಮುಂದೆ ಎತ್ತಬೇಕಾಗಿದ್ದ ಜನ್ಮಗಳನ್ನೆಲ್ಲ, ಉಣ್ಣಬೇಕಾಗಿದ್ದ ಭೋಗಗಳನ್ನೆಲ್ಲ ಒಂದೊಂದು ಆಹುತಿಯಲ್ಲಿ ಮುಗಿಸಿ, ದಾರದ ಆ ಭಾಗವನ್ನು ಕತ್ತರಿಸಿ ಅಗ್ನಿಗೆ ಹಾಕುತ್ತಾನೆ. ಐದೂ ಮುಗಿದ ಬಳಿಕ ಜುಟ್ಟನ್ನು ಕೊಯ್ದು ಅದನ್ನೂ ಹೋಮಿಸಿ, ಶಿಷ್ಯನ ಪ್ರಾಣವನ್ನು ತನ್ನ ಪ್ರಾಣದೊಡನೆ ಕೂಡಿಸಿಕೊಂಡು ಶಿವತತ್ತ್ವದಲ್ಲಿ ಯೋಜಿಸುವುದರೊಡನೆ ವಿಧಿಯು ಪೂರ್ಣವಾಗುತ್ತದೆ.

ಇಷ್ಟೊಂದು ಕ್ರಿಯೆಯೇಕೆ, ಜ್ಞಾನವೊಂದೇ ಸಾಲದೆ, ಎಂದು ವೇದಾಂತಿಗಳು ಕೇಳಿದರು. ಸಿದ್ಧಾಂತಶೈವರ ಉತ್ತರವು ಖಚಿತವಾಗಿತ್ತು: ಜೀವನನ್ನು ಕಟ್ಟಿರುವ ಮಲವು ಬರಿಯ ತಪ್ಪುತಿಳಿವಳಿಕೆಯಲ್ಲ, ಅದೊಂದು ದ್ರವ್ಯ, ಕಣ್ಣಿಗೆ ಪೊರೆ ಬಂದವನು ಪೊರೆ ಬಂದಿದೆಯೆಂದು ತಿಳಿದ ಮಾತ್ರಕ್ಕೆ ನೋಟವನ್ನು ಪಡೆಯಲಾರನು, ವೈದ್ಯನು ಶಸ್ತ್ರದಿಂದ ಅದನ್ನು ತೆಗೆಯಬೇಕು. ಗುರುವಿನ ದೀಕ್ಷೆಯು ಆ ಶಸ್ತ್ರಕ್ರಿಯೆ. ಈ ವಾದವನ್ನು ಒಪ್ಪಿದರೆ ಒಂದು ದೊಡ್ಡ ಪರಿಣಾಮವು ತಾನಾಗಿ ಬರುತ್ತದೆ. ಶಸ್ತ್ರಕ್ರಿಯೆಗೆ ಒಳಗಾಗುವವನು ವಿದ್ವಾಂಸನಾಗಿರಬೇಕಾಗಿಲ್ಲ, ದ್ವಿಜನಾಗಿರಬೇಕಾಗಿಲ್ಲ, ಗಂಡಸೂ ಆಗಿರಬೇಕಾಗಿಲ್ಲ. ಸ್ವಚ್ಛಂದತಂತ್ರವಂತೂ ದೀಕ್ಷೆಯಾದವನ ಹಿಂದಿನ ಜಾತಿಯನ್ನು ಎತ್ತಿ ಆಡುವುದೇ ಪ್ರಾಯಶ್ಚಿತ್ತಕ್ಕೆ ಯೋಗ್ಯವಾದ ದೋಷವೆಂದು ವಿಧಿಸಿತು.

ಆದರೆ ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತರೆಂದು ತಿಳಿಯಬಾರದು. ಆಚಾರಪ್ರಧಾನವಾದ ಸಿದ್ಧಾಂತದ ಪದ್ಧತಿಗಳು ದೀಕ್ಷಿತರೊಳಗೂ ವರ್ಣಭೇದವನ್ನು ಕಾಪಾಡಿಕೊಂಡವು. ಅದಕ್ಕಿಂತ ಸೂಕ್ಷ್ಮವಾದುದು ಸಬೀಜ ನಿರ್ಬೀಜಗಳೆಂಬ ವಿಭಾಗ. ದೀಕ್ಷೆಯಾದ ಮೇಲೆ ದಿನದಿನವೂ ಸಾಯುವವರೆಗೆ ಶಿವಪೂಜೆಯನ್ನೂ ಸಮಯಾಚಾರಗಳನ್ನೂ ನಡೆಸಬಲ್ಲವನಿಗೆ ಸಬೀಜದೀಕ್ಷೆ. ಅದನ್ನು ನಡೆಸಲಾರದ ಬಾಲರು, ಮೂಢರು, ಮುದುಕರು, ಹೆಂಗಸರು, ರೋಗಿಗಳು ಇವರಿಗೆ ನಿರ್ಬೀಜದೀಕ್ಷೆ. ಈ ಅಶಕ್ತರ ಪಟ್ಟಿಯಲ್ಲಿಯೇ ಅರಸನ ಹೆಸರೂ ಸೇರಿದೆಯೆಂಬುದು ಸ್ವಾರಸ್ಯವಾಗಿದೆ. ರಾಜಕಾರ್ಯದಲ್ಲಿ ಮುಳುಗಿರುವ ಅವನಿಗೆ ನಿತ್ಯಪೂಜೆಯ ಕಟ್ಟಳೆ ಇಲ್ಲ, ದೀಕ್ಷೆಯ ಫಲವು ಮಾತ್ರ ಪೂರ್ಣವಾಗಿ ಉಂಟು. ಅವನು ಮಾಡಬೇಕಾದುದು ಶೈವಮಠಗಳನ್ನೂ ಆಚಾರ್ಯರನ್ನೂ ಪೋಷಿಸುವುದು. ಸುದರ್ಶನಾಚಾರ್ಯನಿಗೆ ಸಂದ ಗ್ರಾಮವನ್ನು ಈ ಬೆಳಕಿನಲ್ಲಿ ನೋಡಿದರೆ ಮಧ್ಯಯುಗದುದ್ದಕ್ಕೂ ಅರಸರ ದಾನಶಾಸನಗಳು ಶೈವಾಚಾರ್ಯರ ಹೆಸರಿನಲ್ಲಿ ಏಕೆ ಅಷ್ಟು ಸಮೃದ್ಧವಾಗಿವೆಯೆಂಬುದು ತಿಳಿಯುತ್ತದೆ. ಮುಕ್ತಿಯೂ ರಾಜಾಶ್ರಯವೂ ಒಂದೇ ವಿಧಿಯಲ್ಲಿ ಕೈಕೈ ಹಿಡಿದುಕೊಂಡಿದ್ದವು.

ಇನ್ನು ಬೌದ್ಧರ ಕಡೆಗೆ ತಿರುಗೋಣ. ಏಳನೆಯ ಶತಮಾನದ ನಡುವಿನಿಂದ ಮಹಾಯಾನದೊಳಗೆ ಮಂತ್ರನಯವು ಬಲಗೊಂಡು, ಮಹಾವೈರೋಚನ, ಸರ್ವತಥಾಗತತತ್ತ್ವಸಂಗ್ರಹ, ಗುಹ್ಯಸಮಾಜ, ಹೇವಜ್ರ ಮೊದಲಾದ ತಂತ್ರಗಳು ಒಂದರ ಹಿಂದೊಂದು ಹುಟ್ಟಿದವು. ಇವರ ದೀಕ್ಷೆಗೆ ಅಭಿಷೇಕವೆಂದು ಹೆಸರು. ಶಿಷ್ಯನನ್ನು ಕಣ್ಣು ಕಟ್ಟಿ ಮಂಡಲಕ್ಕೆ ಕರೆತರುತ್ತಾರೆ; ಗುಟ್ಟನ್ನು ಹೊರಗೆಡಹಿದರೆ ನರಕವೆಂದು ಎಚ್ಚರಿಸಿ ಶಪಥದ ನೀರನ್ನು ಕುಡಿಸುತ್ತಾರೆ; ಹೂವನ್ನು ಎಸೆಯಿಸಿ, ಅದು ಯಾವ ಬುದ್ಧನ ಮೇಲೆ ಬಿದ್ದಿತೋ ಆ ಕುಲಕ್ಕೆ ಅವನನ್ನು ಸೇರಿಸುತ್ತಾರೆ. ಅನಂತರ ಕಲಶದ ನೀರು, ಮುಕುಟ, ವಜ್ರ, ಘಂಟೆ, ಹೊಸ ಹೆಸರು ಎಂಬ ಐದು ಅಭಿಷೇಕಗಳು ಕ್ರಮವಾಗಿ ನಡೆಯುತ್ತವೆ. ನೀರನ್ನು ಸುರಿದು ಕಿರೀಟವನ್ನು ತೊಡಿಸಿ ಆಯುಧವನ್ನು ಕೈಗೆ ಕೊಡುವುದು ರಾಜ್ಯಾಭಿಷೇಕದ ವಿಧಿಯೇ ಸರಿ. ಮಂಡಲವಾದರೂ ನಡುವೆ ಸಾರ್ವಭೌಮನನ್ನೂ ಸುತ್ತ ಸಾಮಂತರನ್ನೂ ಕೂರಿಸಿದ ರಾಜಸಭೆಯಂತಿದೆ. ಗುಪ್ತರ ಸಾಮ್ರಾಜ್ಯವು ಒಡೆದು ಸಾಮಂತರಾಜ್ಯಗಳು ತಲೆಯೆತ್ತಿದ ಕಾಲದ ರಾಜಕೀಯವೇ ಈ ವಿಧಿಗಳಲ್ಲಿ ಪಡಿಮೂಡಿದೆಯೆಂದು ರೊನಾಲ್ಡ್ ಡೇವಿಡ್‌ಸನ್ ಎಂಬ ವಿದ್ವಾಂಸರು ವಾದಿಸಿದ್ದಾರೆ. ಅಲೆಕ್ಸಿಸ್ ಸ್ಯಾಂಡರ್‌ಸನ್ ಅವರಾದರೋ ಬೌದ್ಧರ ಯೋಗಿನೀತಂತ್ರಗಳು, ಅದರಲ್ಲಿಯೂ ಚಕ್ರಸಂವರವು, ಶೈವರ ಗ್ರಂಥಗಳಿಂದ ಎಷ್ಟೋ ಭಾಗಗಳನ್ನು ನೇರವಾಗಿಯೇ ಎತ್ತಿಕೊಂಡಿವೆಯೆಂದು ಪಾಠಗಳನ್ನು ಎದುರುಬದುರಿಟ್ಟು ತೋರಿಸಿದ್ದಾರೆ. ಎರಡು ವಾದಗಳೂ ಒಂದನ್ನೊಂದು ಅಳಿಸುವುದಿಲ್ಲ. ಅರಮನೆಯ ಆದರ್ಶವು ಎರಡು ಮತಗಳಿಗೂ ಸಮಾನವಾಗಿತ್ತು, ಆ ಆದರ್ಶವನ್ನು ವಿಧಿಯಾಗಿ ಹೆಣೆಯುವ ಕುಶಲತೆಯಲ್ಲಿ ಶೈವರು ಒಂದು ಹೆಜ್ಜೆ ಮುಂದಿದ್ದರು.

ಎರವಲು ಪಡೆದ ವಿಧಿಯು ಹೊಸ ಮನೆಯಲ್ಲಿ ಎರಡು ತೊಡಕುಗಳನ್ನು ಎದುರಿಸಿತು. ಮೊದಲನೆಯದು ಸಿದ್ಧಾಂತದ್ದು. ಶೈವನಿಗೆ ಪಾಶಗಳಿಂದ ಬಿಡಿಸತಕ್ಕ ಆತ್ಮವಿದೆ. ಆತ್ಮವನ್ನೇ ಒಪ್ಪದ ಬೌದ್ಧನು ದೀಕ್ಷೆಯಿಂದ ಬಿಡಿಸುವುದು ಯಾರನ್ನು? ಬೌದ್ಧಾಚಾರ್ಯರು ವಿಧಿಯ ನಡುವೆ ಶೂನ್ಯತಾಭಾವನೆಯನ್ನು ಇಟ್ಟು ಇದನ್ನು ಪರಿಹರಿಸಿಕೊಂಡರು. ಶೈವಸಾಧಕನು ಪೂಜೆಗೆ ಮೊದಲು ತನ್ನ ಭೂತಮಯ ದೇಹವನ್ನು ಮಂತ್ರಾಗ್ನಿಯಲ್ಲಿ ಸುಟ್ಟು ದೇವದೇಹವನ್ನು ಪಡೆಯುತ್ತಾನೆ. ಬೌದ್ಧಸಾಧಕನು ತನ್ನನ್ನೂ ಸಕಲ ಧರ್ಮಗಳನ್ನೂ ಸ್ವಭಾವಶೂನ್ಯವೆಂದು ಕರಗಿಸಿ, ಆ ಶೂನ್ಯದಿಂದ ದೇವತಾರೂಪದಲ್ಲಿ ಮೂಡಿಬರುತ್ತಾನೆ. ಎರಡನೆಯ ತೊಡಕು ಶೀಲದ್ದು. ಮೇಲಣ ತಂತ್ರಗಳಲ್ಲಿ ಗುಹ್ಯ, ಪ್ರಜ್ಞಾಜ್ಞಾನ ಎಂಬ ಅಭಿಷೇಕಗಳು ಸ್ತ್ರೀಸಂಗವನ್ನು ಬೇಡುತ್ತಿದ್ದವು. ಭಿಕ್ಷುವು ಅವನ್ನು ಪಡೆದರೆ ಬ್ರಹ್ಮಚರ್ಯವು ಮುರಿಯಿತು, ಬಿಟ್ಟರೆ ದೀಕ್ಷೆಯು ಅಪೂರ್ಣವಾಯಿತು. ಹನ್ನೊಂದನೆಯ ಶತಮಾನದಲ್ಲಿ ಟಿಬೆಟ್ಟಿಗೆ ಹೋದ ಅತೀಶ ದೀಪಂಕರನು ಬೋಧಿಪಥಪ್ರದೀಪದಲ್ಲಿ, ಬ್ರಹ್ಮಚಾರಿಗಳು ಈ ಎರಡು ಅಭಿಷೇಕಗಳನ್ನು ಸ್ವೀಕರಿಸತಕ್ಕದ್ದಲ್ಲವೆಂದು ಸ್ಪಷ್ಟವಾಗಿ ವಿಧಿಸಿದನು. ಇನ್ನು ಕೆಲವರು ಅವನ್ನು ಭಾವನೆಯಲ್ಲಿ ಮಾತ್ರ ನಡೆಸುವ ದಾರಿಯನ್ನು ಹಿಡಿದರು. ತಂತ್ರವು ಉಳಿದು ಬಂದುದು ಹೀಗೆ ತನ್ನ ಉಗ್ರವಾದ ಅಂಗಗಳನ್ನು ಮಾನಸಿಕವಾಗಿ ಮಾಡಿಕೊಂಡುದರಿಂದಲೇ.

ಈ ಅಭಿಷೇಕವು ಎಷ್ಟು ದೂರ ನಡೆಯಿತೆಂಬುದಕ್ಕೆ ಒಂದು ನಿದರ್ಶನವು ಸಾಕು. ವಿಕ್ರಮಾದಿತ್ಯನ ದೀಕ್ಷೆಯಾಗಿ 145 ವರ್ಷಗಳ ತರುವಾಯ, 805ರಲ್ಲಿ, ಚೀನದ ರಾಜಧಾನಿಯಾದ ಚಾಂಗಾನಿನಲ್ಲಿ ಹುಯಿಗುವೊ ಎಂಬ ಆಚಾರ್ಯನ ಮುಂದೆ ಕೂಕಾಯಿ ಎಂಬ ಜಪಾನಿನ ಭಿಕ್ಷುವು ಕಣ್ಣು ಕಟ್ಟಿಸಿಕೊಂಡು ಎರಡು ಮಂಡಲಗಳ ಮೇಲೆ ಎರಡು ಸಲ ಹೂವನ್ನು ಎಸೆದನು. ಎರಡು ಸಲವೂ ಅದು ನಡುವಣ ಮಹಾವೈರೋಚನನ ಮೇಲೆಯೇ ಬಿದ್ದಿತೆಂದು ಅವನ ಸಂಪ್ರದಾಯವು ಹೇಳುತ್ತದೆ. ಮರುವರ್ಷ ಸ್ವದೇಶಕ್ಕೆ ಮರಳಿದ ಅವನು ಸ್ಥಾಪಿಸಿದ ಶಿಂಗೋನ್ ಪಂಥದಲ್ಲಿ ಆ ಹೂವೆಸೆತವು ಇಂದಿಗೂ ನಡೆಯುತ್ತಿದೆ.

ನಮ್ಮ ನಾಡಿನಲ್ಲಿಯೂ ಮಂತ್ರಯಾನವು ನೆಲೆಯನ್ನು ಕಂಡಿತ್ತು. ಮಂಗಳೂರಿನ ಕದ್ರಿಯಲ್ಲಿ ಆಳುಪ ಅರಸನಾದ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹಕ್ಕೆ ಮೂರು ಮುಖಗಳು, ಆರು ಕೈಗಳು. 1065ರಲ್ಲಿ ರೂಪಭಟ್ಟಯ್ಯನೆಂಬ ದಂಡನಾಯಕನು ಬಳ್ಳಿಗಾವಿಯಲ್ಲಿ ಬೌದ್ಧವಿಹಾರವನ್ನು ಕಟ್ಟಿಸಿದಾಗ ಅಲ್ಲಿ ಪೂಜೆಗೊಂಡವಳು ತಾರಾಭಗವತಿ. ಅವಳ ಜೊತೆಯಲ್ಲಿ ಲೋಕೇಶ್ವರನೂ ಇದ್ದನು, ಕೇಶವನೂ ಇದ್ದನು. 1095ರ ಡಂಬಳದ ಶಾಸನವು ಧರ್ಮವೊಳಲಿನಲ್ಲಿ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬುದ್ಧವಿಹಾರವನ್ನೂ, ಲೊಕ್ಕಿಗುಂಡಿಯ ಸಂಗವಯ್ಯ ಸೆಟ್ಟಿಯು ಕಟ್ಟಿಸಿದ ಆರ್ಯತಾರಾದೇವಿಯ ವಿಹಾರವನ್ನೂ ಹೆಸರಿಸುತ್ತದೆ. ದಂಡನಾಯಕನೂ ವರ್ತಕರೂ ತಾರೆಗೆ ದತ್ತಿಯನ್ನು ಬಿಟ್ಟುದು, ಅದೇ ಊರುಗಳ ಶಿವಾಲಯಗಳಿಗೂ ಬಸದಿಗಳಿಗೂ ದತ್ತಿಗಳು ಸಲ್ಲುತ್ತಿದ್ದ ಕಾಲದಲ್ಲಿಯೇ. ವಿಧಿಗಳು ಒಂದರೊಳಗೊಂದು ಹೊಕ್ಕು ಬಳಸುವುದಕ್ಕೆ ಇದಕ್ಕಿಂತ ಅನುಕೂಲವಾದ ನೆರೆಹೊರೆ ಬೇರೊಂದಿಲ್ಲ. ಜೈನರೂ ಇದರಿಂದ ಹೊರತಾಗಿರಲಿಲ್ಲ. ಭೈರವಪದ್ಮಾವತೀಕಲ್ಪವೆಂಬ ಮಂತ್ರಶಾಸ್ತ್ರವನ್ನು ರಚಿಸಿದ ಮಲ್ಲಿಷೇಣಸೂರಿಯು ಗದಗಿನ ಬಳಿಯ ಮುಳಗುಂದದಲ್ಲಿದ್ದವನು.

ವಿಹಾರಗಳು ಮುಂದೆ ಹಾಳಾದವು. ವಿಧಿಯು ಹಾಳಾಗಲಿಲ್ಲ, ದೇವಾಲಯದೊಳಗೆ ಸೇರಿಕೊಂಡಿತು. ಖಾನಾಪುರ ತಾಲೂಕಿನ ಹಲಸಿಗೆ ತಾವೆಲ್ಲರೂ ಹೋಗಿಬಂದವರೇ. ಗೋವೆಯ ಕದಂಬರ ಕಾಲದ ಅಲ್ಲಿನ ದೇವಾಲಯದಲ್ಲಿ ಭೂವರಾಹನೂ ನರಸಿಂಹನೂ ಎರಡು ಗರ್ಭಗೃಹಗಳಲ್ಲಿ ಎದುರುಬದುರಾಗಿ ಇದ್ದಾರೆ. ಅಂಥ ವಿಗ್ರಹವನ್ನು ಶಿಲ್ಪಿಯು ಕಡೆದು ಮುಗಿಸಿದ ಮಾತ್ರಕ್ಕೆ ಅದು ದೇವರಾಗುವುದಿಲ್ಲ. ಆಗಮಗಳ ಪ್ರಕಾರ ಅದನ್ನು ನೀರಿನಲ್ಲಿ ಇರಿಸಿ, ಶಯನದಲ್ಲಿ ಮಲಗಿಸಿ, ಅಂಗಾಂಗಗಳಲ್ಲಿ ಮಂತ್ರಗಳನ್ನೂ ತತ್ತ್ವಗಳನ್ನೂ ನ್ಯಾಸಮಾಡಿ, ಕಣ್ಣನ್ನು ತೆರೆಯಿಸಿ, ಕಲಶಗಳಿಂದ ಅಭಿಷೇಕಮಾಡಬೇಕು. ಒಂದು ರಾತ್ರಿ ಯಾಗಮಂಟಪದಲ್ಲಿ ಇರಿಸುವ ಅಧಿವಾಸ, ಮೈಯಲ್ಲೆಲ್ಲ ಮಂತ್ರನ್ಯಾಸ, ಕಡೆಗೆ ಕಲಶಾಭಿಷೇಕ: ಶಿಷ್ಯನಿಗೆ ಮಾಡಿದುದನ್ನೇ ಇಲ್ಲಿ ಶಿಲೆಗೆ ಮಾಡುತ್ತಾರೆ. ದೀಕ್ಷೆಯೂ ಪ್ರತಿಷ್ಠೆಯೂ ಒಂದೇ ಕ್ರಿಯೆಯ ಎರಡು ಪ್ರಯೋಗಗಳು, ಒಂದು ನರನ ಮೇಲೆ, ಇನ್ನೊಂದು ಪ್ರತಿಮೆಯ ಮೇಲೆ.

ದೇವಾಲಯದಿಂದ ಅದು ಮನೆಗೆ ಬಂದುದನ್ನು ನೋಡಲು ಗ್ರಂಥಗಳೇ ಬೇಕಾಗಿಲ್ಲ. ಭಾದ್ರಪದದ ಚೌತಿಯ ದಿನ ಮಣ್ಣಿನ ಗಣಪತಿಯನ್ನು ಮಣೆಯ ಮೇಲೆ ಕೂರಿಸಿದಾಗ ಪುರೋಹಿತರು ಪ್ರಾಣಪ್ರತಿಷ್ಠೆಯನ್ನು ಮಾಡುತ್ತಾರಷ್ಟೆ. ಆಗ ಅವರು ವಿಗ್ರಹದ ಎದೆಯನ್ನು ಮುಟ್ಟಿ ಉಚ್ಚರಿಸುವ ಆಂ, ಹ್ರೀಂ, ಕ್ರೋಂ ಎಂಬ ಮೂರು ಬೀಜಾಕ್ಷರಗಳು, ಅವುಗಳ ಹಿಂದೆಯೇ ಬರುವ ಯಂ, ರಂ, ಲಂ, ವಂ ಎಂಬ ಭೂತಬೀಜಗಳು ವೇದದವಲ್ಲ, ತಂತ್ರದವು. ಅದಕ್ಕೆ ಮುಂಚೆ ಮಾಡುವ ಭೂತಶುದ್ಧಿಯಲ್ಲಿ ವಾಯುಬೀಜದಿಂದ ದೇಹವನ್ನು ಒಣಗಿಸಿ, ಅಗ್ನಿಬೀಜದಿಂದ ಸುಟ್ಟು, ಅಮೃತಬೀಜದಿಂದ ನೆನೆಸಿ ಹೊಸದಾಗಿ ಮಾಡಿಕೊಳ್ಳುವ ಭಾವನೆಯೂ, ವಿಷ್ಣುಸಹಸ್ರನಾಮಕ್ಕೆ ಕುಳಿತವರು ಬೆರಳುಗಳನ್ನೂ ಎದೆಯನ್ನೂ ಶಿಖೆಯನ್ನೂ ಮುಟ್ಟಿಕೊಂಡು ಮಾಡುವ ಕರನ್ಯಾಸ ಅಂಗನ್ಯಾಸಗಳೂ ಅಲ್ಲಿಂದಲೇ ಬಂದವು. ತಾವು ತಾಂತ್ರಿಕರೆಂದು ಯಾರಾದರೂ ಹೇಳಿದರೆ ಸಿಟ್ಟಾಗತಕ್ಕ ವೈದಿಕರೂ ನಿತ್ಯವೂ ತಂತ್ರದ ವಿಧಿಯನ್ನು ನಡೆಸುತ್ತಿದ್ದಾರೆ. ಇಲ್ಲಿ ಕಪಟವೇನೂ ಇಲ್ಲ. ಒಂದು ವಿಧಿಯು ಪೂರ್ಣವಾಗಿ ಗೆದ್ದುದರ ಗುರುತು ಇದೇ.

ಹನ್ನೆರಡನೆಯ ಶತಮಾನದ ಶರಣರ ವಿಷಯವನ್ನು ಹೇಳದೆ ಈ ಕಥೆಯು ಕನ್ನಡದಲ್ಲಿ ಪೂರ್ಣವಾಗಲಾರದು. ವೀರಶೈವರಲ್ಲಿ ಪ್ರಸಿದ್ಧವಾಗಿರುವ ವೇಧಾ, ಮಂತ್ರ, ಕ್ರಿಯಾ ಎಂಬ ಮೂರು ದೀಕ್ಷೆಗಳ ಹೆಸರುಗಳೂ, ಗುರುವು ತಲೆಯ ಮೇಲೆ ಕೈಯಿಡುವ ಹಸ್ತಮಸ್ತಕಸಂಯೋಗವೂ ಆಗಮದ ಭಾಷೆಯನ್ನು ನೆನಪಿಗೆ ತರುತ್ತವೆ. ಆದರೆ ಒಳಗಿನ ನಡೆಯು ತಿರುವುಮುರುವಾಯಿತು. ನೆಲದ ಮೇಲೆ ಬರೆದು ಪೂಜೆಯ ಬಳಿಕ ಅಳಿಸಿಹಾಕುತ್ತಿದ್ದ ಮಂಡಲದ ಎಡೆಯಲ್ಲಿ, ಸಾಯುವವರೆಗೆ ಮೈಯನ್ನು ಅಗಲದ ಇಷ್ಟಲಿಂಗವು ಅಂಗೈಗೆ ಬಂತು. ಅದಕ್ಕಿಂತ ಮಿಗಿಲಾಗಿ, ಪದ್ಧತಿಗಳ ಸಬೀಜ ನಿರ್ಬೀಜ ವಿಭಾಗವು ಇಲ್ಲಿ ಬಿದ್ದುಹೋಯಿತು. ಹಳೆಯ ಆಚಾರ್ಯನು ಹೆಂಗಸನ್ನು ಅಶಕ್ತಳೆಂದು ಎಣಿಸಿ ದೀಕ್ಷೆಯ ಫಲವನ್ನು ಕೊಟ್ಟು ನಿತ್ಯಪೂಜೆಯಿಂದ ಬಿಡುಗಡೆಮಾಡಿದ್ದನು. ಶರಣರು ಅವಳಿಗೂ ಪೂಜೆಯ ಹೊಣೆಯನ್ನು ಗಂಡಸಿನಷ್ಟೇ ಪೂರ್ಣವಾಗಿ ಕೊಟ್ಟರು, ದಂಡನಾಯಕನಿಗೂ ರಿಯಾಯಿತಿಯನ್ನು ತೋರಲಿಲ್ಲ. ವಿನಾಯಿತಿಯು ದಯೆಯಂತೆ ಕಂಡರೂ ಅದು ಅಧಿಕಾರವನ್ನು ಕಸಿದುಕೊಳ್ಳುವ ಒಂದು ಬಗೆ. ದುಡಿಯುವ ಹಕ್ಕನ್ನು ಕೊಟ್ಟುದೇ ನಿಜವಾದ ಸಮತೆ. ಕಲ್ಯಾಣದಿಂದ ಚದುರಿದ ಶರಣರಲ್ಲಿ ಡೋಹರ ಕಕ್ಕಯ್ಯನು ತೊಗಲು ಹದಮಾಡುವ ಕಾಯಕದವನು. ಅವನ ನೆನಪನ್ನು ಉಳಿಸಿಕೊಂಡಿರುವ ಕಕ್ಕೇರಿಯು ಇದೇ ಖಾನಾಪುರ ತಾಲೂಕಿನಲ್ಲಿದೆ. ಸ್ವಚ್ಛಂದತಂತ್ರವು ಶಾಸ್ತ್ರದಲ್ಲಿ ಬರೆದಿಟ್ಟುದನ್ನು ಇವರು ಪಂಕ್ತಿಯಲ್ಲಿ ಕುಳಿತು ಆಚರಿಸಹೊರಟರು.

ಕೊನೆಯದಾಗಿ, ನಾವು ಕುಳಿತಿರುವ ಈ ಬೆಳಗಾವಿಯ ಕೋಟೆಯಲ್ಲಿಯೇ ನಡೆದ ಒಂದು ದೀಕ್ಷೆ. 1892ರ ಅಕ್ಟೋಬರಿನಲ್ಲಿ ಕೊಲ್ಹಾಪುರದ ಕಡೆಯಿಂದ ಬಂದ ಒಬ್ಬ ತರುಣ ಸಂನ್ಯಾಸಿಯು ಮೊದಲು ವಕೀಲರಾದ ಭಾಟೆಯವರ ಮನೆಯಲ್ಲಿಯೂ, ಆಮೇಲೆ ಅರಣ್ಯಾಧಿಕಾರಿಗಳಾದ ಹರಿಪದ ಮಿತ್ರರ ನಿವಾಸದಲ್ಲಿಯೂ ತಂಗಿದ್ದರು. ಅವರು ಸ್ವಾಮಿ ವಿವೇಕಾನಂದರು. ಮಿತ್ರರ ಆ ಮನೆಯು ಇಂದು ರಾಮಕೃಷ್ಣ ಮಿಷನ್ನಿನ ಸ್ಮಾರಕವಾಗಿ ಈ ಕೋಟೆಯೊಳಗೆ ಇದೆ. ಗುರುವಿನಿಂದ ಮಂತ್ರವನ್ನು ಪಡೆಯಬೇಕೆಂಬುದು ಹರಿಪದರ ಪತ್ನಿ ಇಂದುಮತಿಯವರ ಬಹುದಿನದ ಆಸೆಯಾಗಿತ್ತು. ಸ್ವಾಮಿಗಳು ಮೊದಲು ಹಿಂಜರಿದರಾದರೂ ಕಡೆಗೆ ಗಂಡಹೆಂಡಿರಿಬ್ಬರಿಗೂ ದೀಕ್ಷೆಯನ್ನು ಕೊಟ್ಟರು. ಗೃಹಸ್ಥರಾದ ದಂಪತಿಗಳಿಗೆ ಇಷ್ಟದೇವತೆಯ ಮಂತ್ರವನ್ನು ಕಿವಿಯಲ್ಲಿ ಉಪದೇಶಿಸುವ ಈ ಪದ್ಧತಿಯು ವಂಗದೇಶದಲ್ಲಿ ಶತಮಾನಗಳಿಂದ ನಡೆದುಬಂದ ತಾಂತ್ರಿಕ ಮಂತ್ರದೀಕ್ಷೆಯೇ. ಸ್ವಾಮಿಗಳ ಗುರುಗಳಾದ ಶ್ರೀರಾಮಕೃಷ್ಣರು ಭೈರವೀ ಬ್ರಾಹ್ಮಣಿಯೆಂಬ ಸ್ತ್ರೀಗುರುವಿನ ಮಾರ್ಗದರ್ಶನದಲ್ಲಿ ತಂತ್ರಸಾಧನೆಯನ್ನು ಮಾಡಿದರೂ ಎಲ್ಲದರಲ್ಲಿಯೂ ಮಾತೃಭಾವವನ್ನೇ ಹಿಡಿದು ನಿಂತವರು. ವಿವೇಕಾನಂದರಾದರೋ ವಾಮಾಚಾರವನ್ನು ಕಟುವಾಗಿ ಖಂಡಿಸಿದವರು. ಅವರು ಇಲ್ಲಿ ಕೊಟ್ಟ ದೀಕ್ಷೆಯಲ್ಲಿ ಮಂಡಲವಿಲ್ಲ, ಪಾಶಸೂತ್ರವಿಲ್ಲ, ಕಣ್ಣುಕಟ್ಟಿಲ್ಲ. ಉಳಿದುದು ಗುರು, ಮಂತ್ರ, ಮನೆಯನ್ನು ಬಿಡದ ಸಾಧಕ, ಮತ್ತು ಗಂಡನೊಡನೆ ಸಮವಾಗಿ ಕುಳಿತ ಸಾಧಕಿ. ಇಷ್ಟೇ ತಂತ್ರಮಾರ್ಗದ ಸಾರವೆಂದು ನಾನು ತಿಳಿದಿದ್ದೇನೆ.

ಸಹೃದಯರೆ, ಈ ಉಪನ್ಯಾಸದಲ್ಲಿ ನಾನು ವಿಧಿಯ ಹೆಜ್ಜೆಗಳನ್ನು ವಿವರಿಸಲು ಸಾಧ್ಯವಾದುದು ಸೋಮಶಂಭುವಿನಂಥವರು ಬರೆದಿಟ್ಟ ಕೈಪಿಡಿಗಳನ್ನು ತಲೆಮಾರುಗಳ ಅರ್ಚಕರು ನಕಲುಮಾಡಿಕೊಂಡು ಕಾಪಾಡಿದುದರಿಂದ. ಅಂಥ ಪದ್ಧತಿಗಳು, ಪ್ರತಿಷ್ಠಾವಿಧಿಗಳು, ಮಂಡಲದ ನಕ್ಷೆಗಳು ಬೆಳಗಾವಿ ಖಾನಾಪುರಗಳ ಮಠಗಳಲ್ಲಿಯೂ ಪುರೋಹಿತರ ಮನೆಗಳ ಅಟ್ಟದಲ್ಲಿಯೂ ಕನ್ನಡ, ಮೋಡಿ, ನಾಗರಿ ಲಿಪಿಗಳಲ್ಲಿ ಕಟ್ಟುಕಟ್ಟಾಗಿ ಇರುತ್ತವೆ. ಉಪಯೋಗವಿಲ್ಲವೆಂದು ಅವನ್ನು ಮಲಪ್ರಭೆಯ ನೀರಿಗೆ ಬಿಡುವ ವಾಡಿಕೆಯೂ ಇದೆ. ತಮ್ಮ ಮನೆಯಲ್ಲಿ ಇಂಥ ಕಟ್ಟೊಂದು ಇದ್ದರೆ ದಯವಿಟ್ಟು ಹೊಳೆಗೆ ಬಿಡಬೇಡಿ. 1939ರಿಂದ ಕೆಲಸಮಾಡುತ್ತಿರುವ ಕನ್ನಡ ಸಂಶೋಧನ ಸಂಸ್ಥೆಯು ಧಾರವಾಡದಲ್ಲಿದೆ. ಬಲ್ಲವರೊಬ್ಬರಿಗೆ ಅದನ್ನು ಒಮ್ಮೆ ತೋರಿಸಿ, ನಕಲು ಮಾಡಿಕೊಳ್ಳಲು ಬಿಡಿ. ನಮ್ಮ ಸೀಮೆಯಲ್ಲಿ ದೀಕ್ಷೆಯು ಯಾರಿಗೆ, ಹೇಗೆ, ಎಷ್ಟರಮಟ್ಟಿಗೆ ಸಲ್ಲುತ್ತಿತ್ತೆಂಬುದನ್ನು ಶಾಸನಗಳಿಗಿಂತ ನಿಖರವಾಗಿ ಹೇಳಬಲ್ಲವು ಆ ಕಟ್ಟುಗಳೇ.